ಗೇಟನ್ನು ಮೊಳದೆತ್ತರ ಎತ್ತಿದರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಗಿಲು ಅದು. ನೀರು ನೆತ್ತಿಯ ಮಟ್ಟಕ್ಕೆ ನಿಂತರೆ ಅಂಥ ಬಾಗಿಲನ್ನು ಸುಮಾರು 340 ಟನ್ ಬಲ ತಳ್ಳುತ್ತದೆ. ಈ ಲೆಕ್ಕದ ಗುಟ್ಟು ಕಾಲುವೆಯ ಸಣ್ಣ ಗೇಟಿನಲ್ಲಿ ಸುಲಭವಾಗಿ ಸಿಗುತ್ತದೆ.

ಗೇಟಿನ ಅಗಲ 2 ಮೀಟರ್, ಹಿಂದೆ ನಿಂತ ನೀರಿನ ಆಳ 3 ಮೀಟರ್, ಮುಂದಿನ ಕಾಲುವೆ ಒಣಗಿದೆ ಎಂದಿಟ್ಟುಕೊಳ್ಳಿ. ನೀರಿನ ಮೇಲ್ಮೈಯಲ್ಲಿ ಒತ್ತಡ ಸೊನ್ನೆ, ತಳದಲ್ಲಿ ಚದರ ಮೀಟರಿಗೆ 3 ಟನ್. ಸರಾಸರಿ ಒಂದೂವರೆ. ಅದನ್ನು 6 ಚದರ ಮೀಟರಿಗೆ ಗುಣಿಸಿದರೆ 9 ಟನ್. ಇದೆಲ್ಲ ತಳದಿಂದ ಒಂದು ಮೀಟರ್ ಮೇಲೆ ಒಟ್ಟುಗೂಡಿದಂತೆ ಕೆಲಸ ಮಾಡುತ್ತದೆ. ಗೇಟಿನ ಅಡ್ಡಪಟ್ಟಿಗಳನ್ನು ಕೆಳಗೆ ಒತ್ತೊತ್ತಾಗಿ ಕೂರಿಸುವುದು ಇದಕ್ಕೇ.

ಮುಚ್ಚಿದ ಗೇಟನ್ನು ಮೊದಲ ಸಲ ಕದಲಿಸುವುದೇ ಕಷ್ಟ. ಈ 9 ಟನ್ ಗೇಟನ್ನು ಪಕ್ಕದ ಗಾಡಿಗೆ ಒತ್ತಿ ಹಿಡಿದಿರುತ್ತದೆ. ಉಜ್ಜಾಟ ಹತ್ತಕ್ಕೆ ಮೂರರಷ್ಟಿದ್ದರೆ, ಗೇಟಿನ ತೂಕದ ಜೊತೆಗೆ ಇನ್ನೂ 2.7 ಟನ್ ಎತ್ತಬೇಕು. ನೀರಗಂಟಿ ಚಕ್ರ ತಿರುಗಿಸುವಾಗ ಏದುಸಿರು ಬಿಡುವುದು ಸುಮ್ಮನೆ ಅಲ್ಲ.

ಈಗ ಗೇಟನ್ನು ಅರ್ಧ ಮೀಟರ್, ಅಂದರೆ ಮೊಳಕ್ಕಿಂತ ತುಸು ಹೆಚ್ಚು ಎತ್ತೋಣ. 3 ಮೀಟರ್ ಎತ್ತರದಿಂದ ಬಿದ್ದ ಕಲ್ಲಿನ ವೇಗ ಸೆಕೆಂಡಿಗೆ 7.67 ಮೀಟರ್, ನೀರಿನದೂ ಹೆಚ್ಚುಕಡಿಮೆ ಅಷ್ಟೇ. ಕಿಂಡಿಯ ವಿಸ್ತೀರ್ಣ ಒಂದು ಚದರ ಮೀಟರ್. ಹಾಗೆಂದು 7.67 ಘನ ಮೀಟರ್ ಹೊರಬರುವುದಿಲ್ಲ. ಗೇಟಿನ ಅಂಚಿನಲ್ಲಿ ನೀರು ತಟ್ಟನೆ ತಿರುಗಲಾರದೆ ಮುಂದೆ ಸಾಗಿ ಕುಗ್ಗುತ್ತದೆ. 50 ಸೆಂಟಿಮೀಟರ್ ಕಿಂಡಿಯಿಂದ ಹೊರಟ ಧಾರೆಯ ದಪ್ಪ 30 ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಾಗಿ 0.58ರಿಂದ ಗುಣಿಸಬೇಕು:

Q = 0.58 × 1 × 7.67 ≈ 4.45

ಸೆಕೆಂಡಿಗೆ 4.45 ಘನ ಮೀಟರ್; ಕಾಲುವೆಯ ಭಾಷೆಯಲ್ಲಿ ಸುಮಾರು 157 ಕ್ಯೂಸೆಕ್.

ಇನ್ನು ಗೇಟಿನ ಮೇಲಿನ ಬಲ? ನಿಂತ ನೀರಿನ ಲೆಕ್ಕ ಹಾಕಿದರೆ, ಮುಳುಗಿರುವ ಎರಡೂವರೆ ಮೀಟರ್ ಭಾಗಕ್ಕೆ 6.25 ಟನ್. ಆದರೆ ಹರಿವಿನ ವೇಗ ಹೆಚ್ಚಿಸಲು ತಗಲುವ ಬಲವನ್ನೂ ಸೇರಿಸಿ ಲೆಕ್ಕ ಹಾಕಿದರೆ 5.9 ಟನ್ ಮಾತ್ರ. ಕೆಳ ಅಂಚಿನ ಬಳಿ ನೀರು ಓಡುತ್ತಿರುವುದರಿಂದ ಅಲ್ಲಿನ ಒತ್ತಡ ಸೊನ್ನೆಯತ್ತ ಕುಸಿದಿರುತ್ತದೆ.

ಆಳ ಇಮ್ಮಡಿಯಾದರೆ ಹರಿವು ಒಂದೂವರೆಪಟ್ಟೂ ಆಗುವುದಿಲ್ಲ. ಮುಚ್ಚಿದ ಗೇಟಿನ ಮೇಲಿನ ಬಲವೋ ನಾಲ್ಕುಪಟ್ಟು.

ಈ 157 ಕ್ಯೂಸೆಕ್‌ಗೆ ಒಂದು ಷರತ್ತಿದೆ. ಮುಂದಿನ ಕಾಲುವೆಯಲ್ಲಿ ನೀರು ಏರಿ ಧಾರೆಯನ್ನು ಮುಳುಗಿಸಿದರೆ ಹರಿವು ತಗ್ಗುತ್ತದೆ, ಚಕ್ರದ ಪಕ್ಕದ ಅಳತೆಪಟ್ಟಿ ಮಾತ್ರ ಅದೇ ಅರ್ಧ ಮೀಟರ್ ತೋರಿಸುತ್ತಿರುತ್ತದೆ. ಸೇತುವೆಯಿಂದ ಬಗ್ಗಿ ನೋಡಿ: ಧಾರೆ ಗಾಜಿನಂತೆ ನುಣುಪಾಗಿದ್ದರೆ ಲೆಕ್ಕ ಸರಿ, ನೊರೆ ಹಿಂದಕ್ಕೆ ಉರುಳಿ ಗೇಟಿಗೇ ಬಡಿಯುತ್ತಿದ್ದರೆ ಅದನ್ನು ನಂಬಬೇಡಿ.