ರಜೆ ಅರ್ಜಿ: ಎರಡು ಭಾಷೆ, ಒಂದೇ ಲೆಕ್ಕ

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಶಸ್ತ್ರಚಿಕಿತ್ಸೆ. ನವೆಂಬರ್ 10ರಿಂದ 19ರವರೆಗೆ ರಜೆ ಬೇಕು. ಅರ್ಜಿ ಮುಖ್ಯ ಶಿಕ್ಷಕರ ಮುಖಾಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ಜೊತೆಗೆ ವೈದ್ಯಕೀಯ ಪ್ರಮಾಣಪತ್ರ.

ಕನ್ನಡದಲ್ಲಿ ಅವರು ಸರಿಯಾಗಿಯೇ ‘ಪರಿವರ್ತಿತ ರಜೆ’ ಎಂದು ಬರೆದರು. ಇಂಗ್ಲಿಷ್ ಪ್ರತಿಯಲ್ಲಿ ಮಾತ್ರ ಅದು ‘ಹಾಫ್ ಪೇ ಲೀವ್’ ಆಗಿಬಿಟ್ಟಿತು. ಬೇಕಿದ್ದದ್ದು ‘ಕಮ್ಯೂಟೆಡ್ ಲೀವ್’. ಎರಡಕ್ಕೂ ಖಾತೆ ಒಂದೇ, ಗೊಂದಲ ಹುಟ್ಟುವುದೂ ಅಲ್ಲೇ. ಅರ್ಧ ವೇತನ ರಜೆಯಾದರೆ ಖಾತೆಯಿಂದ ಹತ್ತೇ ದಿನ ಕಳೆಯುತ್ತಾರೆ, ಸಂಬಳವೂ ಅರ್ಧ. ಪರಿವರ್ತಿತ ರಜೆಗೆ ಪೂರ್ತಿ ಸಂಬಳ, ಆದರೆ 20 ದಿನ ಖರ್ಚು.

‘ವರೆಗೆ’ ಎಂದಾಗ 19 ಕೂಡ ಸೇರಿತೇ? ಗುಮಾಸ್ತರು ಕೇಳುವ ಮೊದಲೇ ಎರಡೂ ಪ್ರತಿಯಲ್ಲಿ ‘ಎರಡೂ ದಿನ ಸೇರಿ ಒಟ್ಟು 10 ದಿನ’ ಎಂದು ಬರೆದುಬಿಡಿ. ನಡುವೆ ಬರುವ ಭಾನುವಾರವೂ ಈ ಹತ್ತರೊಳಗೇ.