ರಾತ್ರಿ ಎರಡು ಗಂಟೆಯ ಹಸಿರು ಟಿಕ್

ಶಾಪಿಫೈಯಲ್ಲಿ ಸೀರೆ ಮಾರುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ರಾತ್ರಿ ಎರಡಕ್ಕೆ ಒಂದು ಪ್ರೋಗ್ರಾಂ ತಾನಾಗಿ ಓಡಿ, ಹಿಂದಿನ ದಿನದ ಆರ್ಡರುಗಳನ್ನು ತಂದು ಲೆಕ್ಕದ ಟೇಬಲ್ಲಿಗೆ ತುಂಬುತ್ತದೆ. ಬೆಳಿಗ್ಗೆ ಮಾಲೀಕರು ನೋಡುವುದು ಒಂದು ಹಸಿರು ಟಿಕ್ ಮಾತ್ರ.

ಆ ಪ್ರೋಗ್ರಾಂ ಮಾಹಿತಿ ಕೇಳುವ ಕಿಂಡಿಯೇ ಎಪಿಐ. ಶಾಪಿಫೈ ಮೂರು ತಿಂಗಳಿಗೊಂದು ಹೊಸ ಆವೃತ್ತಿ ತರುತ್ತದೆ. ಅದರ ಹೆಸರೇ ತಾರೀಖು: 2024-01, 2024-04, ಹೀಗೆ. ಪ್ರತಿಯೊಂದಕ್ಕೂ ಕನಿಷ್ಠ 12 ತಿಂಗಳ ಆಯುಸ್ಸು.

ಆಯುಸ್ಸು ಮುಗಿದರೆ ಕಿಂಡಿ ಮುಚ್ಚುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಸೇಲ್ಸ್‌ಫೋರ್ಸ್ 2022ರಲ್ಲಿ 7.0ರಿಂದ 20.0ರವರೆಗಿನ ಆವೃತ್ತಿಗಳನ್ನು ನಿಲ್ಲಿಸಿದಾಗ ಹಾಗೆಯೇ ಆಯಿತು, ಕೇಳಿದವರಿಗೆಲ್ಲ ಎರರ್ ಸಿಕ್ಕಿತು. ಶಾಪಿಫೈ ಹಾಗಲ್ಲ. ನೀವು ಸತ್ತ ಆವೃತ್ತಿಯನ್ನು ಕೇಳಿದರೂ, ಇನ್ನೂ ಬದುಕಿರುವವುಗಳಲ್ಲಿ ಅತಿ ಹಳೆಯದು ಸದ್ದಿಲ್ಲದೆ ಉತ್ತರ ಕೊಡುತ್ತದೆ. ನನ್ನ ಮಟ್ಟಿಗೆ ಈ ಮರ್ಯಾದೆಯೇ ಹೆಚ್ಚು ಅಪಾಯ. ಹೊಸದರಲ್ಲಿ ಒಂದು ಕಾಲಂ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲಿ ಖಾಲಿ ಬರೆದು ಮುಂದೆ ಹೋಗುತ್ತದೆ. ಟಿಕ್ ಮಾತ್ರ ಹಸಿರೇ.

ಪತ್ತೆ ಮಾಡಲು ದಾರಿ ಇದೆ. ನಿಜವಾಗಿ ಉತ್ತರಿಸಿದ ಆವೃತ್ತಿ ಯಾವುದೆಂದು ಪ್ರತಿ ಉತ್ತರದ ತಲೆಬರಹದಲ್ಲೇ ಇರುತ್ತದೆ:

```
curl -s -D - -o /dev/null \
 -H "X-Shopify-Access-Token: $TOKEN" \
 "https://$SHOP/admin/api/2024-01/orders.json?limit=1" \
 | grep -i x-shopify-api-version
```

ಕೇಳಿದ್ದು 2024-01, ಬಂದದ್ದು ಬೇರೆ ಎಂದಾದರೆ ಗಡುವು ದಾಟಿದೆ. ಈ ಹೋಲಿಕೆಯನ್ನು ರಾತ್ರಿಯ ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಸೇರಿಸಬೇಕು. ಎರಡೂ ಹೊಂದದಿದ್ದರೆ ಅದು ಏನನ್ನೂ ಬರೆಯದೆ ನಿಂತು, ಮೇಲ್ ಕಳಿಸಬೇಕು. ನಿನ್ನೆಯ ಟೇಬಲ್ ಹಾಗೇ ಉಳಿಯಲಿ. ಅರ್ಧ ಖಾಲಿಯಾದ ಹೊಸದಕ್ಕಿಂತ ಒಂದು ದಿನ ಹಳೆಯದೇ ಮೇಲು.

ಇದು ಕಾವಲು ಅಷ್ಟೆ. ನಿಜವಾದ ತಯಾರಿಯನ್ನು ಗಡುವಿಗೆ ಒಂದೆರಡು ತಿಂಗಳು ಮೊದಲೇ, ಹಗಲಿನಲ್ಲಿ ಮಾಡಬೇಕು. ಕಳೆದ ವಾರದ ಒಂದು ದಿನ ಆರಿಸಿ, ಆ ದಿನದ ಆರ್ಡರುಗಳನ್ನು ಹಳೆಯ ಆವೃತ್ತಿಯಿಂದ ಒಮ್ಮೆ, ಹೊಸದರಿಂದ ಒಮ್ಮೆ, ಬೇರೆ ಬೇರೆ ಟೇಬಲ್ಲಿಗೆ ತರಿಸಿ. ಎರಡರ ನಡುವೆ ಹೆಚ್ಚು ಹೊತ್ತು ಬಿಡಬೇಡಿ, ಅಷ್ಟರಲ್ಲಿ ಯಾರಾದರೂ ಸೀರೆ ವಾಪಸ್ ಮಾಡಿದರೆ ಲೆಕ್ಕ ತಪ್ಪುತ್ತದೆ.

ಹೆಚ್ಚಿನವರು ಸಾಲುಗಳನ್ನು ಎಣಿಸಿ ಬಿಟ್ಟುಬಿಡುತ್ತಾರೆ. ಎರಡೂ ಕಡೆ 148 ಆರ್ಡರ್, ಒಟ್ಟು ಮೊತ್ತವೂ ಅಷ್ಟೇ, ಸರಿ ಎಂದುಕೊಳ್ಳುತ್ತಾರೆ. ಪ್ರತಿ ಕಾಲಂನಲ್ಲಿ ಎಷ್ಟು ಖಾಲಿ ಮನೆಗಳಿವೆ ಎಂದೂ ಎಣಿಸಿ. ರಿಯಾಯಿತಿಯ ಕಾಲಂನಲ್ಲಿ ಹಳೆಯದರಲ್ಲಿ 3 ಖಾಲಿ, ಹೊಸದರಲ್ಲಿ 148 ಖಾಲಿ ಎಂದು ಕಂಡರೆ, ಆ ಹೆಸರು ಬದಲಾಗಿದೆ ಅಥವಾ ತೆಗೆದುಹಾಕಲಾಗಿದೆ. ಅದನ್ನು ತಿದ್ದಿ, ಮತ್ತೆ ಹೋಲಿಸಿ, ಆಮೇಲೆ ಪ್ರೋಗ್ರಾಮಿನಲ್ಲಿ ಆವೃತ್ತಿಯ ಹೆಸರು ಬದಲಿಸಿ. ಹೊಸ ಆವೃತ್ತಿಯ ಗಡುವನ್ನೂ ಆಗಲೇ ಕ್ಯಾಲೆಂಡರಿನಲ್ಲಿ ಗುರುತಿಸಿ.