ಒಂದು ಯುದ್ಧ, ಎರಡು ವರದಿಗಳು: ಪ್ರೌಢಶಾಲೆಯ ಇತಿಹಾಸ ಪಾಠದಲ್ಲಿ ಆಕರಗಳ ಹೋಲಿಕೆ

1565ರ ಜನವರಿಯ ಯುದ್ಧವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದೇ ಕಂಡಿಕೆಯಲ್ಲಿ ಮುಗಿಸುತ್ತವೆ. ದಖನ್ನಿನ ಸುಲ್ತಾನರು ಒಂದಾದರು, ಅಳಿಯ ರಾಮರಾಯ ಸೋತು ಮಡಿದ, ವಿಜಯನಗರ ಹಾಳಾಯಿತು, ಇಷ್ಟೇ. ಈ ಯುದ್ಧಕ್ಕೆ ತಾಳಿಕೋಟೆ ಎಂದೂ ರಕ್ಕಸ-ತಂಗಡಿ ಎಂದೂ ಹೆಸರುಗಳಿವೆ. ಹೆಸರಿನ ಚರ್ಚೆಗೆ ತರಗತಿಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ. ಕೊಡಬೇಕಾದದ್ದು ಇನ್ನೊಂದು ಪ್ರಶ್ನೆಗೆ: ರಾಮರಾಯ ಸೋತದ್ದು ಹೇಗೆ? ಇದಕ್ಕೆ ಎರಡು ಹಳೆಯ ವರದಿಗಳು ಎರಡು ಬೇರೆ ಉತ್ತರಗಳನ್ನು ಕೊಡುತ್ತವೆ. ಒಂಬತ್ತನೆಯ ಅಥವಾ ಹತ್ತನೆಯ ತರಗತಿಗೆ ಆಕರ ಹೋಲಿಕೆಯನ್ನು ಕಲಿಸಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಮಗ್ರಿ ಅಪರೂಪ.

ಮೊದಲನೆಯ ವರದಿ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕನದು. ಯುದ್ಧವಾದ ಎರಡು ವರ್ಷಗಳ ಮೇಲೆ, 1567ರಲ್ಲಿ, ಅವನು ವಿಜಯನಗರಕ್ಕೆ ಬಂದು ಸುಮಾರು ಏಳು ತಿಂಗಳು ಅಲ್ಲಿದ್ದನು. ಅವನ ಪ್ರಕಾರ ಸೋಲಿಗೆ ಕಾರಣ ದ್ರೋಹ. ರಾಮರಾಯನ ಸೇವೆಯಲ್ಲಿದ್ದ ಇಬ್ಬರು ಮುಸ್ಲಿಂ ದಳಪತಿಗಳು, ಒಬ್ಬೊಬ್ಬರ ಕೈಕೆಳಗೆ ಎಪ್ಪತ್ತು ಎಂಬತ್ತು ಸಾವಿರ ಸೈನಿಕರಿದ್ದವರು, ಕದನದ ನಡುವೆ ಎದುರಾಳಿಗಳ ಕಡೆಗೆ ತಿರುಗಿದರು. ಎರಡನೆಯ ವರದಿ ಫೆರಿಷ್ತಾನದು. ಅವನು ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿದ್ದು, ಯುದ್ಧವಾದ ಸುಮಾರು ನಲವತ್ತು ವರ್ಷಗಳ ಮೇಲೆ ಪಾರ್ಸಿಯಲ್ಲಿ ಚರಿತ್ರೆ ಬರೆದನು. ಅವನ ಕಥನದಲ್ಲಿ ದ್ರೋಹದ ಮಾತೇ ಇಲ್ಲ. ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದ ಫಿರಂಗಿಗಳು, ದಿಕ್ಕುಗೆಟ್ಟ ಸೈನ್ಯ, ಆನೆಯೊಂದು ನುಗ್ಗಿದಾಗ ಪಲ್ಲಕ್ಕಿಯವರು ಬಿಟ್ಟೋಡಿ ಸೆರೆಸಿಕ್ಕ ರಾಮರಾಯ, ಹುಸೇನ್ ನಿಜಾಮ್ ಷಾನ ಆಜ್ಞೆಯಂತೆ ಅವನ ಶಿರಚ್ಛೇದ, ಇವು ಇವೆ.

ಶಿಕ್ಷಕರು ಈ ಎರಡನ್ನೂ ತಮ್ಮ ಮಾತಿನಲ್ಲಿ ಆರಾರು ವಾಕ್ಯಗಳ ಎರಡು ಚೀಟಿಗಳಾಗಿ ಬರೆದುಕೊಳ್ಳಬೇಕು. ಇದು ಸಂಗ್ರಹ, ಮೂಲದ ಮಾತಲ್ಲ ಎಂಬುದನ್ನು ಚೀಟಿಯ ತಲೆಯಲ್ಲಿಯೇ ಬರೆಯಬೇಕು. ಫ್ರೆಡರಿಕನ ಇಟಾಲಿಯನ್ ಬರಹ 1588ರಲ್ಲಿಯೇ ಇಂಗ್ಲಿಷಿಗೆ ಬಂದಿತ್ತು. ಫೆರಿಷ್ತಾನ ಕೃತಿಯನ್ನು ಬ್ರಿಗ್ಸ್ 1829ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಮಗುವಿನ ಕೈಗೆ ಸೇರುವ ಹೊತ್ತಿಗೆ ಮಾತು ಎರಡು ಭಾಷೆಗಳನ್ನು ದಾಟಿರುತ್ತದೆ. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮ ಮಕ್ಕಳಿಗೆ ದಾಟುವಾಗ ಏನು ಕಳೆಯುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಮೊದಲ ಅವಧಿಯಲ್ಲಿ ಚೀಟಿಯನ್ನು ಕೂಡಲೇ ಓದಿಸಬಾರದು. ಬರೆದವನು ಯಾರು, ಯಾವಾಗ ಬರೆದ, ಎಲ್ಲಿ ಇದ್ದ, ಯಾರಿಗಾಗಿ ಬರೆದ ಎಂಬ ನಾಲ್ಕು ಸಂಗತಿಗಳನ್ನಷ್ಟೇ ಕರಿಹಲಗೆಯ ಮೇಲೆ ಬರೆದು, ‘ಇವನಿಗೆ ಯಾವ ಸಂಗತಿ ಚೆನ್ನಾಗಿ ಗೊತ್ತಿರಬಹುದು, ಯಾವುದನ್ನು ಹೇಳಲು ಸಂಕೋಚವಿರಬಹುದು?’ ಎಂದು ಕೇಳಬೇಕು. ಊಹೆಗಳನ್ನು ಹಲಗೆಯ ಒಂದು ಮೂಲೆಯಲ್ಲಿ ಉಳಿಸಿಕೊಳ್ಳಬೇಕು. ಆಮೇಲೆ ಓದು. ವಿಷಯವನ್ನು ಮೊದಲು ಓದಿದ ಮಕ್ಕಳು ಹೆಚ್ಚು ರೋಚಕವಾದ ಕಥೆಯ ಪಕ್ಷ ಹಿಡಿದುಬಿಡುತ್ತಾರೆ, ಬಳಿಕ ಬರೆದವನ ವಿಚಾರ ಕೇಳಿದರೆ ಹಿಡಿದ ಪಕ್ಷಕ್ಕೆ ಸಮರ್ಥನೆಯನ್ನಷ್ಟೇ ಹುಡುಕುತ್ತಾರೆ.

ಓದಿದ ಮೇಲೆ ಗುಂಪುಗಳು ಮೂರು ಅಂಕಣಗಳನ್ನು ತುಂಬುತ್ತವೆ: ಇಬ್ಬರೂ ಹೇಳಿದ್ದು, ಒಬ್ಬನೇ ಹೇಳಿದ್ದು, ಒಬ್ಬನು ಹೇಳಬಹುದಾಗಿದ್ದೂ ಹೇಳದೆ ಬಿಟ್ಟದ್ದು. ಮೊದಲನೆಯದು ಬೇಗ ತುಂಬುತ್ತದೆ. ವಿಜಯನಗರದ ಸೈನ್ಯ ಸೋತಿತು, ರಾಮರಾಯ ಮಡಿದನು, ನಗರ ಲೂಟಿಯಾಯಿತು. ಒಬ್ಬನು ಯೂರೋಪಿನ ವ್ಯಾಪಾರಿ, ಇನ್ನೊಬ್ಬನು ಆಸ್ಥಾನದ ಚರಿತ್ರಕಾರ. ಒಬ್ಬರನ್ನೊಬ್ಬರು ನೋಡಿ ಬರೆದ ಲಕ್ಷಣವಿಲ್ಲದೆ ಒಪ್ಪುತ್ತಿರುವುದರಿಂದ ಈ ಮಾತುಗಳಿಗೆ ತೂಕ ಹೆಚ್ಚು. ಪಾಠದ ಜೀವವಿರುವುದು ಮೂರನೆಯ ಅಂಕಣದಲ್ಲಿ. ಫೆರಿಷ್ತಾ ದ್ರೋಹದ ವಿಷಯದಲ್ಲಿ ಏಕೆ ಮೌನವಾಗಿದ್ದಾನೆ? ದ್ರೋಹ ನಡೆಯದೆ ಇದ್ದಿರಬಹುದು. ಅಥವಾ ತನ್ನ ಒಡೆಯನ ಮನೆತನದ ಗೆಲುವು ಎದುರಾಳಿಯ ಪಾಳೆಯದಿಂದ ಬಂದವರ ನೆರವಿನಿಂದಾಯಿತು ಎಂದು ಬರೆಯಲು ಆಸ್ಥಾನದವನಿಗೆ ಮನಸ್ಸಿಲ್ಲದಿರಬಹುದು. ಇದೇ ಪ್ರಶ್ನೆಯನ್ನು ಫ್ರೆಡರಿಕನಿಗೂ ಹಾಕಬೇಕು. ಅವನು ಯುದ್ಧವನ್ನು ಕಂಡವನಲ್ಲ, ಸೋತ ನಗರದಲ್ಲಿ ಕೇಳಿ ಬರೆದವನು. ಸೋತವರಿಗೆ ‘ನಮ್ಮವರೇ ಕೈಕೊಟ್ಟರು’ ಎಂಬ ವಿವರಣೆ ಸಮಾಧಾನ ಕೊಡುತ್ತದೆ. ಎಂಬತ್ತು ಸಾವಿರದ ಲೆಕ್ಕವನ್ನು ಅವನಿಗೆ ಯಾರು ಎಣಿಸಿ ಹೇಳಿದರು ಎಂದು ಒಬ್ಬ ಮಗುವಾದರೂ ಕೇಳಬೇಕು. ಕೇಳದಿದ್ದರೆ ಶಿಕ್ಷಕರೇ ಕೇಳಬಹುದು.

ಇಲ್ಲಿ ಎಚ್ಚರ ಬೇಕು. ‘ಮುಸ್ಲಿಂ ದಳಪತಿಗಳು’ ಎಂಬ ಮಾತು ಓದಿದ ಕೂಡಲೇ ಕೆಲವು ಕಣ್ಣುಗಳು ಪಕ್ಕದ ಬೆಂಚಿನ ಸಹಪಾಠಿಯ ಕಡೆಗೆ ತಿರುಗುತ್ತವೆ. ಆ ಮಾತನ್ನು ಚೀಟಿಯಿಂದ ತೆಗೆದುಹಾಕುವುದನ್ನು ನಾನು ಒಪ್ಪುವುದಿಲ್ಲ. ಆಕರವನ್ನು ತಿದ್ದಿ ಆಕರ ವಿಮರ್ಶೆ ಕಲಿಸಲಾಗದು. ಅದರ ಬದಲು ಅದೇ ಫೆರಿಷ್ತಾ ಹೇಳುವ ಇನ್ನೆರಡು ಸಂಗತಿಗಳನ್ನು ಮುಂದಿಡಬೇಕು. 1558ರ ಸುಮಾರಿಗೆ ಇದೇ ರಾಮರಾಯ ಬಿಜಾಪುರದ ಅಲಿ ಆದಿಲ್ ಷಾನೊಡನೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿದ್ದನು. ಮುಂದೆ ಆ ಎರಡು ಸುಲ್ತಾನರ ಮನೆತನಗಳು ಒಂದಾದದ್ದು ಚಾಂದ್ ಬೀಬಿಯ ಮದುವೆಯಿಂದ; ಸೊಲ್ಲಾಪುರದ ಕೋಟೆ ಅವಳ ಬಳುವಳಿಯಾಗಿ ಬಿಜಾಪುರಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳಿಗೆ ಆ ಕೋಟೆ ದೂರದ್ದಲ್ಲ. ಕೂಟಗಳು ಆರೇಳು ವರ್ಷಗಳಲ್ಲಿ ಹೀಗೆ ತಿರುವುಮುರುವಾದುದನ್ನು ಕಾಲರೇಖೆಯಲ್ಲಿ ಗುರುತಿಸಿದ ಮೇಲೆ, ಪಕ್ಷಗಳನ್ನು ಧರ್ಮದ ಗೆರೆಯಿಂದ ಭಾಗಿಸಲಾಗದೆಂಬುದನ್ನು ಮಕ್ಕಳು ತಾವೇ ಕಾಣುತ್ತಾರೆ.

ಎರಡನೆಯ ಅವಧಿ ಬರವಣಿಗೆಗೆ. ಪ್ರತಿಯೊಬ್ಬರೂ ಐದು ವಾಕ್ಯಗಳ ಉತ್ತರ ಬರೆಯಬೇಕು. ಪ್ರತಿ ವಾಕ್ಯದಲ್ಲಿ ‘ಖಚಿತ’, ‘ಸಂಭವನೀಯ’, ‘ಈ ಆಧಾರಗಳಿಂದ ಹೇಳಲಾಗದು’ ಎಂಬ ಮೂರರಲ್ಲಿ ಒಂದು ಇರಬೇಕು. ಕಲಿಕೆ ಎಲ್ಲಿ ತಪ್ಪಿದೆ ಎಂಬುದು ಇಲ್ಲಿ ಬಯಲಾಗುತ್ತದೆ. ‘ಫ್ರೆಡರಿಕ್ ಎರಡೇ ವರ್ಷಕ್ಕೆ ಬಂದ, ಆದ್ದರಿಂದ ಅವನದೇ ನಿಜ’ ಎಂದು ಬರೆದವರು ಕಾಲದ ಸಾಮೀಪ್ಯವನ್ನು ಪ್ರತ್ಯಕ್ಷದರ್ಶನವೆಂದು ತಿಳಿದಿದ್ದಾರೆ. ‘ಫೆರಿಷ್ತಾ ಪಕ್ಷಪಾತಿ, ಅವನನ್ನು ಬಿಡೋಣ’ ಎಂದವರಿಗೆ ಪಕ್ಷಪಾತಿಯಿಂದಲೂ ತಿಳಿಯುವುದುಂಟೆಂಬುದನ್ನು ತೋರಿಸಬೇಕು: ಸೆರೆಯಾದ ಅರಸನ ತಲೆ ಕಡಿಸಿದ್ದನ್ನು ಗೆದ್ದವರ ಕಡೆಯವನೇ ಮುಚ್ಚಿಡದೆ ಬರೆದಿದ್ದಾನೆ. ನನ್ನ ಅನುಭವದಲ್ಲಿ ಅತ್ಯಂತ ಹಠಮಾರಿಯಾದ ತಪ್ಪು ‘ಇಬ್ಬರದೂ ಅರ್ಧರ್ಧ ನಿಜ’ ಎಂಬುದು. ನೋಡಲು ನ್ಯಾಯವಾಗಿದೆ, ಆದರೆ ಅದರಲ್ಲಿ ತೂಗಿ ನೋಡಿದ ಗುರುತಿಲ್ಲ. ‘ರಾಮರಾಯ ಯುದ್ಧದಲ್ಲಿ ಮಡಿದದ್ದು ಖಚಿತ, ಏಕೆಂದರೆ ಬೇರೆ ಬೇರೆ ಕಡೆಯ ಇಬ್ಬರೂ ಹೇಳುತ್ತಾರೆ, ದ್ರೋಹ ಸಂಭವನೀಯ, ಆದರೆ ಹೇಳಿದವನು ಕಂಡವನಲ್ಲ’ ಎಂಬಂಥ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು. ದ್ರೋಹದ ಬಗ್ಗೆ ‘ಹೇಳಲಾಗದು’ ಎಂದು ಬರೆದು ಕಾರಣ ಕೊಟ್ಟವರಿಗೂ ಅಷ್ಟೇ. ಕಾರಣವಿಲ್ಲದ ‘ಹೇಳಲಾಗದು’ ಎಂಬುದಕ್ಕೆ ಅಂಕವಿಲ್ಲ.

ಸಮಯವಿದ್ದರೆ ನಗರದ ಪ್ರಶ್ನೆಯನ್ನೂ ಎತ್ತಬಹುದು. ನಗರ ಪೂರ್ತಿಯಾಗಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂಬುದು ಫ್ರೆಡರಿಕನ ಮಾತು. ಇದು ಅವನು ತಾನೇ ಇದ್ದ ಊರಿನ ವಿಚಾರ. ಅಲ್ಲಿ ಹುಲಿಗಳಿವೆ ಎಂಬುದನ್ನು ಮಾತ್ರ ಕೇಳಿದ ಮಾತೆಂದು ಅವನೇ ಬೇರೆ ಮಾಡಿ ಹೇಳುತ್ತಾನೆ. ಒಬ್ಬನೇ ಲೇಖಕನಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ವಿಂಗಡಿಸುವ ಅಭ್ಯಾಸಕ್ಕೆ ಇದು ಸಾಕು. ಹಂಪಿಯ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತಿರುವುದು, ಅರಮನೆಯ ಆವರಣದಲ್ಲಿ ಅಡಿಪಾಯಗಳಷ್ಟೇ ಉಳಿದಿರುವುದು, ಇವೆರಡನ್ನೂ ಮೂರನೆಯ ಸಾಕ್ಷಿಯಾಗಿ ಚಿತ್ರಗಳ ಮೂಲಕ ತೋರಿಸಬಹುದು. ಅರಸನು ಪೆನುಗೊಂಡೆಗೆ ಹೋದನೆಂದೂ ಫ್ರೆಡರಿಕ್ ಬರೆದಿದ್ದಾನೆ. ಮಡಕಶಿರಾ ಸೀಮೆಯ ಶಿಕ್ಷಕರು ಚಿತ್ರದ ಬದಲು ಮಕ್ಕಳನ್ನು ಪೆನುಗೊಂಡೆಯ ಕೋಟೆಗೇ ಕರೆದೊಯ್ಯಬಹುದು; ಅಲ್ಲಿ ಕೇಳಬೇಕಾದ ಪ್ರಶ್ನೆ, ಫ್ರೆಡರಿಕನ ಈ ಮಾತಿಗೆ ಇಲ್ಲಿ ಯಾವ ಗುರುತು ಸಿಗುತ್ತದೆ ಎಂಬುದು.